ಐಇಎಲ್‌ಟಿಎಸ್ ಬರೆಯುವವರೇ, ವೆಬ್‌ಸೈಟ್ ಕೊಡುವ ಬ್ಯಾಂಡ್ ನಂಬಿ ಪರೀಕ್ಷೆಗೆ ಹೋಗಬೇಡಿ

ಯು.ಕೆ.ಗೆ ಹೋಗಲು ತಯಾರಿ ಮಾಡುತ್ತಿರುವ ನನ್ನಂಥ ನರ್ಸ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್‌ಗೆ ಐಇಎಲ್‌ಟಿಎಸ್ ಅಕಾಡೆಮಿಕ್‌ನ ರೈಟಿಂಗ್‌ನಲ್ಲಿ 6.5, ಉಳಿದ ಮೂರರಲ್ಲಿ 7 ಬೇಕು. ನನಗೆ ಉಳಿದ ಮೂರೂ ಬಂದವು. ರೈಟಿಂಗ್ 6ಕ್ಕೇ ನಿಂತಿತು.

ಪರೀಕ್ಷೆಗೆ ಮೊದಲು ಎರಡು ತಿಂಗಳು, ನೈಟ್ ಡ್ಯೂಟಿ ಮುಗಿಸಿ ಬಂದ ಮೇಲೂ ಕೂತು ಪ್ರಬಂಧ ಬರೆದಿದ್ದೇನೆ. ಬರೆದದ್ದನ್ನು ವ್ಯಾಕರಣ ತಿದ್ದುವ ಆ್ಯಪ್‌ಗೆ ಹಾಕಿ, ಅದು ಹೇಳಿದ್ದನ್ನೆಲ್ಲ ಒಪ್ಪಿ, ಆಮೇಲೆ ಬ್ಯಾಂಡ್ ಹೇಳುವ ವೆಬ್‌ಸೈಟಿಗೆ ಹಾಕುತ್ತಿದ್ದೆ. ಹೆಚ್ಚುಕಡಿಮೆ ಪ್ರತಿ ಸಲವೂ 7.5 ಬರುತ್ತಿತ್ತು. ಹಾಗಾಗಿ ಫಲಿತಾಂಶ ಬಂದ ದಿನ ಎಲ್ಲಿ ಎಡವಿದೆ ಅಂತಲೇ ತಿಳಿಯಲಿಲ್ಲ. ಅಂಕಪಟ್ಟಿಯಲ್ಲಿ ರೈಟಿಂಗ್‌ಗೆ ಒಂದೇ ಒಂದು ಅಂಕೆ ಇರುತ್ತದೆ, ಯಾವುದರಲ್ಲಿ ಕಡಿಮೆಯಾಯಿತು ಅಂತ ಇರುವುದಿಲ್ಲ.

ನಮ್ಮ ಬೀದಿಯಲ್ಲಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಮೇಡಂ ಒಬ್ಬರಿದ್ದಾರೆ. 7.5 ಬಂದಿದ್ದ ಒಂದು ಅಭ್ಯಾಸ ಪ್ರಬಂಧ ತೆಗೆದುಕೊಂಡು ಹೋದೆ. ಅವರು ಪ್ರಬಂಧ ಪಕ್ಕಕ್ಕಿಟ್ಟು ಮೊದಲು ಪ್ರಶ್ನೆ ಓದಿದರು. ಸರ್ಕಾರ ಚಿಕಿತ್ಸೆಗಿಂತ ರೋಗ ಬಾರದಂತೆ ತಡೆಯುವುದಕ್ಕೆ ಹೆಚ್ಚು ದುಡ್ಡು ಹಾಕಬೇಕು, ಇದನ್ನು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಅನ್ನುವ ಪ್ರಶ್ನೆ. ಪ್ರಬಂಧವನ್ನು ಎರಡು ಸಲ ಓದಿ, “ನೀನು ಒಪ್ಪಿದ್ದೀಯೋ ಇಲ್ವೋ? ಆಸ್ಪತ್ರೆ ಎಷ್ಟು ಮುಖ್ಯ ಅಂತ ಚೆನ್ನಾಗಿ ಬರೆದಿದ್ದೀಯ. ದುಡ್ಡಿನ ಮಾತು ಎಲ್ಲಿದೆ ತೋರಿಸು,” ಅಂದರು. ಹುಡುಕಿದೆ. ಕೊನೆಯ ಪ್ಯಾರಾದಲ್ಲಿ ಒಂದು ಸಾಲು ಸಿಕ್ಕಿತು, ಅಷ್ಟೇ.

ಐಇಎಲ್‌ಟಿಎಸ್ ರೈಟಿಂಗ್‌ಗೆ ಕಂಪ್ಯೂಟರ್ ಅಂಕ ಹಾಕುವುದಿಲ್ಲ. ತರಬೇತಿ ಪಡೆದ ಪರೀಕ್ಷಕರು ಓದಿ, ನಾಲ್ಕು ವಿಷಯಗಳಿಗೆ ಸಮಪಾಲು ಅಂಕ ಕೊಡುತ್ತಾರೆ: ಕೇಳಿದ್ದಕ್ಕೆ ಉತ್ತರಿಸಿದ್ದೀರಾ, ವಿಚಾರ ಒಂದಕ್ಕೊಂದು ಹೊಂದಿಕೊಂಡು ಸಾಗಿದೆಯಾ, ಪದಬಳಕೆ, ವ್ಯಾಕರಣ. ನಾನು ಎರಡು ತಿಂಗಳು ತಿದ್ದಿಕೊಂಡದ್ದು ಕೊನೆಯ ಎರಡನ್ನು ಮಾತ್ರ.

ಮನೆಗೆ ಬಂದು ವೆಬ್‌ಸೈಟನ್ನು ಪರೀಕ್ಷೆ ಮಾಡಿದೆ. ನೀವೂ ಮಾಡಿ, ಹತ್ತು ನಿಮಿಷದ ಕೆಲಸ. ಅದೇ ಪ್ರಬಂಧ ಇಟ್ಟು, ಪ್ರಶ್ನೆಯ ಜಾಗದಲ್ಲಿ ಮಾತ್ರ ನಗರದ ಬಸ್ಸುಗಳ ಬಗ್ಗೆ ಇದ್ದ ಬೇರೊಂದು ಪ್ರಶ್ನೆ ಹಾಕಿದೆ. ಬಂದದ್ದು 7, ಜೊತೆಗೆ ‘ಪ್ರಶ್ನೆಗೆ ನೇರವಾಗಿ ಉತ್ತರಿಸಿದ್ದೀರಿ’ ಅನ್ನುವ ಮೆಚ್ಚುಗೆ. ಆಸ್ಪತ್ರೆಯ ಪ್ರಬಂಧಕ್ಕೆ ಬಸ್ಸಿನ ಪ್ರಶ್ನೆ! ಮರುದಿನ ಮೊದಲಿನ ಪ್ರಶ್ನೆಯ ಜೊತೆ, ಒಂದಕ್ಷರವೂ ಬದಲಿಸದೆ ಮತ್ತೆ ಹಾಕಿದರೆ 6.5. ಒಂದೇ ಬರಹಕ್ಕೆ ಒಂದು ಬ್ಯಾಂಡ್ ಅತ್ತಿತ್ತ. ನನಗೆ ಬೇಕಿದ್ದದ್ದೇ ಅರ್ಧ ಬ್ಯಾಂಡ್.

ವ್ಯಾಕರಣದ ಆ್ಯಪ್ ಮಾಡಿದ ಹಾನಿ ಬೇರೆ ಥರದ್ದು. ಟಾಸ್ಕ್ ಒಂದರಲ್ಲಿ ಗ್ರಾಫ್ ನೋಡಿ ಬರೆಯಬೇಕು. 20%ರಿಂದ 40%ಕ್ಕೆ ಏರಿದ್ದ ಗೆರೆಗೆ ನಾನು ‘ರೋಸ್ ಬೈ 40%’ ಅಂತ ಬರೆದಿದ್ದೆ. ‘ರೋಸ್ ಟು 40%’ ಅನ್ನಬೇಕಿತ್ತು. ವಾಕ್ಯ ವ್ಯಾಕರಣಕ್ಕೆ ಸರಿ ಇರುವುದರಿಂದ ಆ್ಯಪ್ ಒಂದು ಗೆರೆಯನ್ನೂ ಎಳೆಯಲಿಲ್ಲ. ಅದರ ಮುಂದೆ ಗ್ರಾಫೇ ಇರಲಿಲ್ಲ, ಅಂಕಿ ತಪ್ಪಿದೆ ಅಂತ ಹೇಗೆ ಹೇಳೀತು? ಇನ್ನೊಂದು ಕಡೆ ಸರಿಯಾಗಿದ್ದ ‘ಮೆನಿ’ಯನ್ನು ‘ಎ ಪ್ಲೆಥೊರ ಆಫ್’ ಮಾಡು ಅಂದಿತ್ತು, ನಾನು ಮಾಡಿದ್ದೆ. ಮೇಡಂ ಅದನ್ನು ಹೊಡೆದು ಹಾಕಿ ‘ಮೆನಿ’ಯನ್ನೇ ವಾಪಸ್ ಬರೆದರು.

ಎಲ್ಲಕ್ಕಿಂತ ಹೆಚ್ಚು ಏಟು ಕೊಟ್ಟದ್ದು ‘ಎ’, ‘ಆ್ಯನ್’, ‘ದ’. ಕನ್ನಡದಲ್ಲಿ ಇವುಗಳಿಗೆ ಸಮನಾದ ಪದಗಳಿಲ್ಲ, ಹಾಗಾಗಿ ನಮ್ಮ ಕೈ ಅವನ್ನು ಬಿಟ್ಟೇ ಬರೆಯುತ್ತದೆ. ವಾರ್ಡಿನ ನೋಟ್ಸಿನಲ್ಲಿ ‘ಪೇಷೆಂಟ್ ವಾಸ್ ಗಿವನ್ ಇಂಜೆಕ್ಷನ್’ ಅಂತ ಬರೆದು ಅಭ್ಯಾಸ. ಆ್ಯಪ್ ಸುಮ್ಮನೆ ಸೇರಿಸಿಬಿಡುತ್ತಿತ್ತು, ನಾನು ಕ್ಲಿಕ್ ಮಾಡಿ ಮುಂದೆ ಹೋಗುತ್ತಿದ್ದೆ. ಪರೀಕ್ಷಾ ಕೋಣೆಯ ಕಂಪ್ಯೂಟರ್ ಪದಗಳ ಲೆಕ್ಕ ಮಾತ್ರ ತೋರಿಸುತ್ತದೆ, ಕಾಗುಣಿತ ತಪ್ಪಿದರೂ ಕೆಂಪು ಗೆರೆ ಬರುವುದಿಲ್ಲ. 60 ನಿಮಿಷ ಅಲ್ಲಿ ಬರೆದದ್ದು ತಿದ್ದದೆ ಉಳಿದ ನನ್ನ ಕೈ.

ಆ್ಯಪನ್ನು ಪೂರ್ತಿ ಬಿಟ್ಟಿಲ್ಲ, ಕಾಗುಣಿತದ ತಪ್ಪನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಈಗ ಗಡಿಯಾರ ಇಟ್ಟುಕೊಂಡು ಕಾಗದದ ಮೇಲೆ ಬರೆದು, ನಾನೇ ಒಮ್ಮೆ ತಿದ್ದಿದ ನಂತರವಷ್ಟೇ ಅದಕ್ಕೆ ಹಾಕುತ್ತೇನೆ. ಗೆರೆ ಎಳೆದ ಕಡೆ ಕ್ಲಿಕ್ ಮಾಡುವುದಿಲ್ಲ, ಯಾಕೆ ಎಳೆದಿದೆ ಅಂತ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ಮೊದಲ ಪ್ರಬಂಧದಲ್ಲಿ ‘ದ’, ‘ಎ’ ಬಿಟ್ಟದ್ದೇ ಹತ್ತೊಂಬತ್ತು ಕಡೆ ಇತ್ತು, ಕಳೆದ ವಾರದ್ದರಲ್ಲಿ ಆರು. ಬ್ಯಾಂಡ್ ಹೇಳುವ ವೆಬ್‌ಸೈಟಿಗೆ ಹೋಗುವುದು ನಿಲ್ಲಿಸಿದ್ದೇನೆ. ಶನಿವಾರ ಮೇಡಂ ಮನೆಗೆ ಹೋಗುತ್ತೇನೆ, ಅವರು ಈಗಲೂ ಮೊದಲು ಪ್ರಶ್ನೆ ಓದುತ್ತಾರೆ.