ಸ್ಥಾನಬೆಲೆಯ ಹಾಳೆಗೆ ಯಾವ ಪ್ರಶ್ನೆ: ಬಿಡಿಸುವುದೇ, ಕೂಡಿಸುವುದೇ?

ಲೆಕ್ಕಕ್ಕೆ ಊರಿನದೇ ಸಂಖ್ಯೆ ಬೇಕಿದ್ದರೆ 2011ರ ಜನಗಣತಿಯಲ್ಲಿದೆ: ಉಡುಪಿ ಜಿಲ್ಲೆ 11,77,361, ದಕ್ಷಿಣ ಕನ್ನಡ 20,89,649.

ಲಕ್ಷದ ಸ್ಥಾನ ಈಗಷ್ಟೇ ಕಲಿತ ಮಕ್ಕಳಿಗೆ ಉಡುಪಿಯ ಸಂಖ್ಯೆಯೇ ಒಳ್ಳೆಯದು. ಸೊನ್ನೆಯಿಲ್ಲ, ಜೊತೆಗೆ 7 ಎರಡು ಸಲ ಬಂದಿದೆ. ಒಂದರ ಸ್ಥಾನಬೆಲೆ 70,000, ಇನ್ನೊಂದರದ್ದು 7,000. ಎರಡಕ್ಕೂ 7 ಎಂದೇ ಬರೆದರೆ ಮಗು ಮುಖಬೆಲೆ ಹೇಳುತ್ತಿದೆ ಎಂದರ್ಥ. ಇಲ್ಲಿ "ವಿಸ್ತರಿಸಿ ಬರೆ" ಎಂಬ ಪ್ರಶ್ನೆ ಸಾಕು.

ದಕ್ಷಿಣ ಕನ್ನಡದ ಸಂಖ್ಯೆಯಲ್ಲಿ ಲಕ್ಷದ ಸ್ಥಾನದಲ್ಲಿ ಸೊನ್ನೆಯಿದೆ. ಇದನ್ನು ವಿಸ್ತರಿಸುವಾಗ ಆ ಸೊನ್ನೆಯನ್ನು ಬಿಟ್ಟರೂ ಉತ್ತರ ಸರಿಯೇ ಆಗುತ್ತದೆ. ಹಾಗಾಗಿ ಮಗುವಿಗೆ ಸೊನ್ನೆಯ ಕೆಲಸ ಅರ್ಥವಾಗಿದೆಯೋ ಇಲ್ಲವೋ ತಿಳಿಯುವುದೇ ಇಲ್ಲ. ಅದನ್ನು ನೋಡಲು ಪ್ರಶ್ನೆಯನ್ನು ತಿರುಗಿಸಿ, ಕ್ರಮ ಕದಡಿ ಕೊಡಬೇಕು:

600 + 20,00,000 + 9 + 80,000 + 40 + 9,000 = ?

ಅಂಕಿಗಳನ್ನಷ್ಟೇ ದೊಡ್ಡದರಿಂದ ಜೋಡಿಸುವ ಮಗು 2,89,649 ಬರೆಯುತ್ತದೆ. ಇಪ್ಪತ್ತು ಲಕ್ಷ ಎರಡು ಲಕ್ಷಕ್ಕೆ ಇಳಿಯಿತು. ತಪ್ಪು ಮಗುವಿಗೇ ಕಾಣಿಸಲು ದಾರಿಯಿದೆ: ಅತಿ ದೊಡ್ಡ ಭಾಗ 20,00,000ದಲ್ಲಿ ಏಳು ಅಂಕಿ, ಉತ್ತರದಲ್ಲಿ ಆರೇ. ಏಳು ಮನೆಗಳ ಕೋಷ್ಟಕ ಹಾಕಿ ಒಂದೊಂದೇ ಭಾಗವನ್ನು ಅದರ ಮನೆಗೆ ಬರೆಸಿದರೆ ಲಕ್ಷದ ಮನೆ ಖಾಲಿ ಉಳಿಯುತ್ತದೆ. ಅಲ್ಲಿ ಸೊನ್ನೆ.

ಆದರೆ ಕೋಷ್ಟಕವನ್ನು ಹಾಳೆಯಲ್ಲೇ ಅಚ್ಚು ಹಾಕಿ ಕೊಡಬೇಡಿ, ಅದು ಉತ್ತರದ ಅರ್ಧ ಹೇಳಿಬಿಡುತ್ತದೆ. ತಪ್ಪಿದವರಿಂದ ಆಮೇಲೆ ಬರೆಸಿ.