ಮಾಡರ್ನ್ ಆರ್ಟ್: ವರ್ಷಗಟ್ಟಲೆ ಹರಾಜು ಕೂಗಿದ ಮೇಲೆ

ಹರಾಜಿನ ಬೋರ್ಡ್ ಗೇಮ್‌ಗಳು ನನ್ನ ಕಪಾಟಿಗೆ ಸಾಕಷ್ಟು ಬಂದಿವೆ, ಅಷ್ಟೇ ಹೋಗಿವೆ. ಜಾಗ ಬಿಟ್ಟುಕೊಡದೆ ಕೂತಿರುವುದು ಮಾಡರ್ನ್ ಆರ್ಟ್. ರೈನರ್ ಕ್ನಿಜಿಯಾ ರೂಪಿಸಿದ ಈ ಆಟ ಮೊದಲು ಬಂದದ್ದು 1992ರಲ್ಲಿ. ಮೂರರಿಂದ ಐದು ಜನ ಆಡಬಹುದು. ನಾನು, ಅಕ್ಕ, ಭಾವ, ಒಬ್ಬ ಗೆಳೆಯ ಹೀಗೆ ನಾಲ್ವರು ಕೂತು ಆಡಿದ್ದೇ ಜಾಸ್ತಿ. ಆದ್ದರಿಂದ ಇಲ್ಲಿ ಹೇಳುವುದೆಲ್ಲ ನಾಲ್ವರ ಆಟದ ಲೆಕ್ಕ.

ಆಟ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಐವರು ಕಲಾವಿದರ ಒಟ್ಟು 70 ಚಿತ್ರಗಳ ಕಾರ್ಡ್‌ಗಳಿವೆ. ಎಲ್ಲರೂ 100ರ ಹಣದೊಂದಿಗೆ ಶುರು ಮಾಡುತ್ತೇವೆ. ಹಣ ಪರದೆಯ ಹಿಂದೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಸರದಿ ಬಂದಾಗ ಕೈಯಿಂದ ಒಂದು ಚಿತ್ರ ಇಟ್ಟು ಹರಾಜು ಹಾಕಬೇಕು. ಒಬ್ಬ ಕಲಾವಿದನ ಐದನೇ ಕಾರ್ಡ್ ಬಿದ್ದ ಕೂಡಲೇ ಆ ಸೀಸನ್ ಮುಗಿಯಿತು. ಆ ಐದನೆಯದು ಹರಾಜಿಗೇ ಹೋಗುವುದಿಲ್ಲ. ಆ ಸೀಸನ್ನಿನಲ್ಲಿ ಹೆಚ್ಚು ಕಾರ್ಡ್ ಬಿದ್ದ ಮೂವರು ಕಲಾವಿದರ ಚಿತ್ರಗಳಿಗೆ ಬ್ಯಾಂಕು ಕ್ರಮವಾಗಿ 30, 20, 10 ಕೊಡುತ್ತದೆ. ಉಳಿದ ಇಬ್ಬರ ಚಿತ್ರಗಳಿಗೆ ಸೊನ್ನೆ. ಹೀಗೆ ನಾಲ್ಕು ಸೀಸನ್. ಮೊದಲ ಮೂವರಲ್ಲಿ ಮತ್ತೆ ಬಂದ ಕಲಾವಿದನಿಗೆ ಹಿಂದಿನ ಸೀಸನ್‌ಗಳ ಬೆಲೆಯೂ ಸೇರುತ್ತದೆ. ಬರದಿದ್ದರೆ ಹಳೆಯ ಹೆಸರು ಆ ಸೀಸನ್ನಿಗೆ ಕೆಲಸಕ್ಕೆ ಬರುವುದಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ಸಾಧಾರಣ ಅಂದಾಜಿನ ಆಟ. ಎಲ್ಲವನ್ನೂ ತಿರುಗಿಸುವುದು ಒಂದು ಸಣ್ಣ ನಿಯಮ. ಗೆದ್ದವರು ಹಣ ಕೊಡಬೇಕಾದದ್ದು ಬ್ಯಾಂಕಿಗಲ್ಲ, ಚಿತ್ರ ಮಾರಿದ ಆಟಗಾರರಿಗೆ. ಮಾರುವವರು ತಮ್ಮ ಚಿತ್ರವನ್ನು ತಾವೇ ಕೊಂಡರೆ ಮಾತ್ರ ಹಣ ಬ್ಯಾಂಕಿಗೆ ಹೋಗುತ್ತದೆ.

ಇದರ ಪರಿಣಾಮ ಒಂದೆರಡು ಆಟದಲ್ಲಿ ತಿಳಿಯುವುದಿಲ್ಲ. 50 ಬೆಲೆಬಾಳುವ ಚಿತ್ರವನ್ನು 48ಕ್ಕೆ ಕೊಂಡು ಬೀಗುವವರು ಎಲ್ಲ ಗುಂಪಿನಲ್ಲೂ ಇರುತ್ತಾರೆ. ಅವರಿಗೆ ಬಂದ ಲಾಭ 2. ಮಾರಿದವರಿಗೆ ಬಂದದ್ದು 48. ಅರ್ಧ ಬೆಲೆ, ಅಂದರೆ 25, ಕೊಟ್ಟಿದ್ದರೆ ಇಬ್ಬರಿಗೂ ಸಮ ಲಾಭ. ಅದಕ್ಕಿಂತ ಮೇಲೆ ಹೋದ ಪ್ರತಿ ರೂಪಾಯಿಯೂ ಕೊಳ್ಳುವವರನ್ನು ಮಾರುವವರಿಗಿಂತ ಹಿಂದೆ ತಳ್ಳುತ್ತದೆ. ಹಾಗಂತ 25ರಲ್ಲೇ ಎಲ್ಲರೂ ನಿಲ್ಲುತ್ತಾರಾ? ಇಲ್ಲ. ಅಕ್ಕ 25ಕ್ಕೆ ಕೊಂಡರೆ ಅವಳಿಗೂ ಮಾರಿದವರಿಗೂ 25 ಬಂತು, ನನಗೆ ಏನೂ ಬರಲಿಲ್ಲ. ನಾನು 26 ಅಂದರೆ ನನಗೆ 24 ಸಿಗುತ್ತದೆ. ಹೀಗೆ ಸುಮ್ಮನಿರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಬೆಲೆ ಏರುತ್ತಾ ಹೋಗುವುದು ಆಸೆಯಿಂದ ಅಲ್ಲ, ಹಿಂದೆ ಬೀಳುವ ಭಯದಿಂದ.

ಈ ಒಂದೇ ಒತ್ತಡವನ್ನು ಆಟ ಐದು ಬಗೆಯ ಹರಾಜುಗಳಲ್ಲಿ ಹಾಯಿಸುತ್ತದೆ. ಯಾವ ಬಗೆ ಅನ್ನುವುದು ಕಾರ್ಡ್ ಮೇಲೆಯೇ ಇರುತ್ತದೆ. ಬಹಿರಂಗ ಹರಾಜಿನಲ್ಲಿ ಯಾರು ಬೇಕಾದರೂ ಎಷ್ಟು ಸಲ ಬೇಕಾದರೂ ಕೂಗಬಹುದು. ಗಲಾಟೆ ಜಾಸ್ತಿ, ಆದರೆ ನಿಜ ಹೇಳಬೇಕೆಂದರೆ ಐದರಲ್ಲಿ ನನಗೆ ಕಡಿಮೆ ಇಷ್ಟ ಇದೇ. ಬೇರೆಯವರ ದನಿಯಲ್ಲೇ ಬೆಲೆ ಕೇಳಿಸಿಬಿಡುತ್ತದೆ, ಸ್ವಂತ ಅಂದಾಜು ಬೇಕಾಗುವುದೇ ಇಲ್ಲ.

ನನ್ನ ಮೆಚ್ಚಿನದು ಒಂದೇ ಸುತ್ತಿನ ಹರಾಜು. ಮಾರುವವರ ಎಡಗಡೆಯಿಂದ ಶುರು, ಒಬ್ಬೊಬ್ಬರಿಗೆ ಒಂದೇ ಅವಕಾಶ, ಕೊನೆಯ ಮಾತು ಮಾರುವವರದ್ದು. ಒಂದು ಲೆಕ್ಕ ಹಾಕಿ ನೋಡೋಣ. ಎರಡನೇ ಸೀಸನ್. ಮೊದಲ ಸೀಸನ್ನಿನಲ್ಲಿ ಕ್ರಿಪ್ಟೋ ಅನ್ನುವ ಕಲಾವಿದ 30 ಪಡೆದಿದ್ದಾನೆ. ಈಗ ನಾನು ಕ್ರಿಪ್ಟೋನ ಮೂರನೇ ಚಿತ್ರ ಇಡುತ್ತೇನೆ. ಕ್ರಿಸ್ಟಿನ್ ಪಿ.ಯವೂ ಮೂರು ಬಿದ್ದಿವೆ, ಉಳಿದವರದ್ದು ಒಂದು ಅಥವಾ ಎರಡು. ಕ್ರಿಪ್ಟೋ ಈ ಸಲವೂ ಮೊದಲು ಬಂದರೆ ಚಿತ್ರಕ್ಕೆ 60, ಎರಡನೆಯವನಾದರೆ 50, ಮೂರನೆಯವನಾದರೆ 40. ಸುಲಭಕ್ಕೆ 50 ಅಂತ ಇಟ್ಟುಕೊಳ್ಳಿ.

ಮೊದಲು ಕೂಗಬೇಕಾದವಳು ಅಕ್ಕ. ಅವಳ ಕಷ್ಟ ಕೇಳಬೇಡಿ. 30 ಅಂದರೆ ಭಾವ 31 ಅಂತಾರೆ, ಗೆಳೆಯ 32 ಅಂತಾನೆ, ಅವಳ ಕಥೆ ಅಲ್ಲಿಗೆ ಮುಗಿಯಿತು. ಗೆಲ್ಲಬೇಕಾದರೆ ತನ್ನ ನಂತರ ಕೂಗುವವರು ಮುಟ್ಟಲು ಹೆದರುವ ಬೆಲೆಯನ್ನೇ ಹೇಳಬೇಕು. ಆ ಬೆಲೆಗೆ ಕೊಂಡರೆ ಲಾಭ ಉಳಿಯುವುದಿಲ್ಲ. ಸುಮ್ಮನೆ ಪಾಸ್ ಹೇಳಿದರೆ ಗೆಳೆಯನಿಗೆ ಅಗ್ಗವಾಗುತ್ತದೆ. ಅದಕ್ಕೆ ಅವಳು ಕೆಲವೊಮ್ಮೆ ಬೇಡದ ಚಿತ್ರಕ್ಕೂ 38 ಅಂತಾಳೆ, ಗೆಳೆಯ 39 ಕೊಡಲಿ ಅಂತ. ಆದರೆ ಆ ಹೆಚ್ಚುವರಿ ಹಣ ಬೀಳುವುದು ಮಾರುತ್ತಿರುವ ನನ್ನ ಪರದೆಯ ಹಿಂದೆ! ಗೆಳೆಯನನ್ನು ತಡೆಯಲು ಹೋಗಿ ನನ್ನನ್ನು ಬೆಳೆಸುತ್ತಿದ್ದಾಳೆ. ಸೀಸನ್ನಿನಲ್ಲಿ ಮುಂದಿರುವುದು ಗೆಳೆಯನೋ ನಾನೋ ಅನ್ನುವುದು ಅವಳಿಗೆ ಗೊತ್ತಿರಬೇಕು, ಮತ್ತು ಹಣ ಮುಚ್ಚಿಟ್ಟಿರುವುದರಿಂದ ಅದು ನೆನಪಿನ ಲೆಕ್ಕ ಮಾತ್ರ.

ಕೊನೆಗೆ ನನ್ನ ಸರದಿ. ಗೆಳೆಯ 30ಕ್ಕೆ ನಿಂತಿದ್ದಾನೆ ಅಂದುಕೊಳ್ಳಿ. ಬಿಟ್ಟುಕೊಟ್ಟರೆ ನನಗೆ 30, ಅವನಿಗೆ 20. ನಾನೇ 31ಕ್ಕೆ ಕೊಂಡರೆ ನನಗೆ 19, ಅವನಿಗೆ ಏನೂ ಇಲ್ಲ. ನನ್ನ ಹಣವನ್ನಷ್ಟೇ ನೋಡಿದರೆ ಮಾರುವುದೇ ಸರಿ. ಆದರೆ ಗೆಳೆಯನೇ ನನಗೆ ನೇರ ಪೈಪೋಟಿ ಆಗಿದ್ದರೆ? ಮಾರಿದಾಗ ಅವನಿಗಿಂತ 10 ಮುಂದೆ ಹೋಗುತ್ತೇನೆ, ಕೊಂಡಾಗ 19 ಮುಂದೆ. ಆಗ ಕೊಳ್ಳುವುದೇ ಜಾಣತನ. ಈ ಎರಡು ದಾರಿಗಳೂ ಸಮವಾಗುವುದು ಅವನ ಕೂಗು 33 ಇದ್ದಾಗ. ಹಾಗಾಗಿ ಅದೇ ಚಿತ್ರವನ್ನು ಅದೇ ಬೆಲೆಗೆ ಭಾವನಿಗೆ ಬಿಟ್ಟು, ಗೆಳೆಯನಿಗೆ ಬಿಡದೆ ಇರಬಹುದು. ಇದು ಗೊತ್ತಾದ ಮೇಲೆ ಗೆಳೆಯ, ತಾನು ಮುಂದಿದ್ದಾಗಲೆಲ್ಲ, ಭಾವನಿಗಿಂತ ಒಂದು ರೂಪಾಯಿ ಹೆಚ್ಚು ಕೂಗುವ ಅಭ್ಯಾಸ ಬಿಟ್ಟು ನೇರವಾಗಿ 34, 35ಕ್ಕೆ ಹಾರತೊಡಗಿದ. ನನ್ನ ಕೈಯಿಂದ ಚಿತ್ರ ಬಿಡಿಸಿಕೊಳ್ಳಲು ಅವನು ಕೊಡುತ್ತಿದ್ದ ಲಂಚ ಅದು. ನಿಯಮದ ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ, ನಿಯಮದಿಂದ ತಾನಾಗಿ ಹುಟ್ಟುವ ನಡೆ ಇದು.

ಗುಪ್ತ ಹರಾಜಿನಲ್ಲಿ ಎಲ್ಲರೂ ಹಣವನ್ನು ಮುಷ್ಟಿಯಲ್ಲಿ ಹಿಡಿದು ಒಟ್ಟಿಗೆ ತೆರೆಯುತ್ತಾರೆ. ಇಲ್ಲಿ ಗೆದ್ದವರಿಗೇ ಹೊಟ್ಟೆಯುರಿ. ಯಾಕೆಂದರೆ ಎರಡನೆಯವರಿಗಿಂತ ಎಷ್ಟು ಹೆಚ್ಚು ಕೊಟ್ಟೆವು ಅನ್ನುವುದು ಎಲ್ಲರ ಮುಂದೆ ಬಿಚ್ಚಿಕೊಳ್ಳುತ್ತದೆ. 44ಕ್ಕೆ ಗೆದ್ದು, ಮುಂದಿನ ಮುಷ್ಟಿಯಲ್ಲಿ 29 ಕಂಡರೆ ಆ ಸಂಜೆಯಿಡೀ ಕಾಡುತ್ತದೆ. ನಾಲ್ವರ ಅಂದಾಜಿನಲ್ಲಿ ಅತಿ ಹೆಚ್ಚು ಅಂದಾಜಿಸಿದವರೇ ಗೆಲ್ಲುವುದರಿಂದ ಗೆಲುವು ಅಂದರೆ ಹೆಚ್ಚು ಸಲ ಅತಿ ಅಂದಾಜೇ. ಇದು ಅನುಭವಕ್ಕೆ ಬಂದವರು ತಮ್ಮ ಅಂದಾಜಿನಿಂದ ಒಂದಷ್ಟು ಕಳೆದೇ ಮುಷ್ಟಿ ಕಟ್ಟುತ್ತಾರೆ. (ನನ್ನ ಪ್ರತಿಯಲ್ಲಿ ಹಣ ನಾಣ್ಯಗಳ ರೂಪದಲ್ಲಿದೆ. ಪರದೆಯ ಹಿಂದೆ ಸದ್ದು ಕೇಳಿ ಎಷ್ಟು ಬಿಲ್ಲೆ ಎತ್ತಿದರು ಅಂತ ಊಹಿಸುವವರು ನಮ್ಮಲ್ಲಿದ್ದಾರೆ. ಅದಕ್ಕೆ ಭಾವ ಬೇಕಂತಲೇ ನಾಣ್ಯ ಕಲಕುತ್ತಾ ಕೂರುತ್ತಾರೆ.)

ನಿಗದಿ ಬೆಲೆಯ ಹರಾಜಿನಲ್ಲಿ ಕೂಗಾಟವೇ ಇಲ್ಲ. ಮಾರುವವರು ಒಂದು ಬೆಲೆ ಹೇಳುತ್ತಾರೆ, ಎಡದಿಂದ ಒಬ್ಬೊಬ್ಬರೂ ಬೇಕು ಅಥವಾ ಬೇಡ ಅನ್ನುತ್ತಾರೆ. ಯಾರೂ ಕೊಳ್ಳದಿದ್ದರೆ ಮಾರುವವರೇ ಅದೇ ಬೆಲೆ ಕೊಟ್ಟು ಇಟ್ಟುಕೊಳ್ಳಬೇಕು. ಒತ್ತಡವೆಲ್ಲ ಒಬ್ಬರ ತಲೆಯ ಮೇಲೆ. ಅದೇ 50ರ ಚಿತ್ರಕ್ಕೆ ನಾನು 40 ಹೇಳಿದೆ ಅನ್ನಿ. ಯಾರಾದರೂ ಕೊಂಡರೆ ನನಗೆ 40, ಅವರಿಗೆ 10. ಮೂವರೂ ಬೇಡ ಅಂದರೆ ನನಗೆ ಉಳಿಯುವುದು 10 ಮಾತ್ರ. ಮೂವರೂ ಸೇರಿ ನಿರಾಕರಿಸಿದರೆ ನನ್ನನ್ನು ಚೆನ್ನಾಗಿ ಹಿಂಡಬಹುದು. ಆದರೆ ಪ್ರತಿಯೊಬ್ಬರಿಗೂ ಆ 10ರ ಆಸೆ ಇದೆ, ಮುಂದಿನವರು ಕೊಂಡರೆ ತಾನು ಬಿಟ್ಟದ್ದು ವ್ಯರ್ಥ ಅನ್ನುವ ಅಳುಕೂ ಇದೆ. ಅಕ್ಕ ಬೇಡ ಅಂದು ಭಾವನ ಮುಖ ನೋಡುವ ಆ ಎರಡು ಕ್ಷಣಕ್ಕಾಗಿಯೇ ಈ ಕಾರ್ಡನ್ನು ಕೈಯಲ್ಲಿ ಉಳಿಸಿಕೊಳ್ಳುತ್ತೇನೆ.

ಜೋಡಿ ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬನೇ ಕಲಾವಿದನ ಎರಡು ಚಿತ್ರ ಒಟ್ಟಿಗೆ ಮಾರುವುದರಿಂದ ಸೀಸನ್ ಬೇಗ ಮುಗಿಯುತ್ತದೆ, ಬೆಲೆ ದುಪ್ಪಟ್ಟಾದಾಗ ಕೈಯಲ್ಲಿ ಹಣ ಇಲ್ಲದವರು ಹೊರಗುಳಿಯುತ್ತಾರೆ.

ಕ್ನಿಜಿಯಾ ಅವರದ್ದೇ ಇನ್ನೊಂದು ಆಟ ರಾ. ಅದರಲ್ಲಿ ಹಣವೇ ಇಲ್ಲ. ಅಂಕಿ ಬರೆದ ಕೆಲವೇ ಸೂರ್ಯ ಬಿಲ್ಲೆಗಳು, ಅವೂ ಎಲ್ಲರಿಗೂ ಕಾಣುವಂತೆ ಮುಂದಿರುತ್ತವೆ. ಒಂದನ್ನು ಕೊಟ್ಟು ಸರಕು ಗೆದ್ದರೆ, ನಡುವೆ ಇದ್ದ ಇನ್ನೊಂದು ಬಿಲ್ಲೆ ಮುಂದಿನ ಸುತ್ತಿಗಾಗಿ ನಿಮ್ಮದಾಗುತ್ತದೆ. ಅಲ್ಲಿ ಯಾರು ಎಷ್ಟರವರೆಗೆ ಹೋಗಬಲ್ಲರು ಅನ್ನುವುದು ಖಚಿತ, ಯಾವಾಗ ಕೂಗುತ್ತಾರೆ ಅನ್ನುವುದೇ ಗುಟ್ಟು. ಯಾರೂ ಯಾರಿಗೂ ಹಣ ಕೊಡದ ಕಾರಣ ಮುನಿಸು ಕಡಿಮೆ. ಹೊಸಬರಿಗೆ ಮೊದಲು ರಾ ಕೊಡುತ್ತೇನೆ, ಅದರಲ್ಲಿ ದಿವಾಳಿ ಆಗುವುದಿಲ್ಲವಲ್ಲ.

ಮಾಡರ್ನ್ ಆರ್ಟ್ ಮೇಲೆ ನನ್ನ ದೂರುಗಳೂ ಇವೆ. ಬೆಲೆಯನ್ನು ಕಟ್ಟುವವರು ಆಟಗಾರರೇ ಆದ್ದರಿಂದ, ಒಬ್ಬರು ಅಡ್ಡಾದಿಡ್ಡಿ ಕೂಗಿದರೂ ಅವರ ಬಲಗಡೆಯೋ ಎಡಗಡೆಯೋ ಕೂತು ಮಾರುತ್ತಿದ್ದವರು ಬಿಟ್ಟಿಯಾಗಿ ಗೆದ್ದುಬಿಡುತ್ತಾರೆ. ನಾಲ್ವರ ಆಟದಲ್ಲಿ ಮೊದಲಿಗೆ 9 ಕಾರ್ಡ್, ಎರಡನೇ ಮತ್ತು ಮೂರನೇ ಸೀಸನ್ನಿಗೆ 4, ಕೊನೆಯದಕ್ಕೆ ಹೊಸ ಕಾರ್ಡೇ ಇಲ್ಲ. ಹಿಂದೆ ಉದಾರವಾಗಿ ಮಾರಿದವರಿಗೆ ಬೆಲೆ ಗಗನಕ್ಕೇರಿದ ಕೊನೆಯ ಸೀಸನ್ನಿನಲ್ಲಿ ಮಾರಲು ಏನೂ ಇರುವುದಿಲ್ಲ. ಇದು ನ್ಯಾಯವೇ, ಆದರೆ ಮೊದಲ ಸಲ ಆಡುವವರಿಗೆ ಯಾರಾದರೂ ಮುಂಚೆಯೇ ಹೇಳಬೇಕು. ಮೂವರ ಆಟವೂ ನನಗೆ ಸಪ್ಪೆ. ಒಂದೇ ಸುತ್ತಿನ ಹರಾಜಿನಲ್ಲಿ ಇಬ್ಬರೇ ಕೂಗುವವರಾದರೆ ಎರಡನೆಯವರಿಗೆ ಎಲ್ಲವೂ ಸಲೀಸು.

ನಿಮ್ಮ ಗುಂಪಿನಲ್ಲಿ ಹರಾಜು ಸರಿಯಾಗಿ ನಡೆಯುತ್ತಿದೆಯೇ ಅಂತ ತಿಳಿಯಲು ಸೀಸನ್ ಮುಗಿದಾಗ ಒಂದು ವಿಷಯ ಗಮನಿಸಿ. ಹೆಚ್ಚು ಚಿತ್ರ ಕೊಂಡವರೇ ಸದಾ ಕೊನೆಗೆ ಬೀಳುತ್ತಿದ್ದರೆ ಎಲ್ಲರೂ ಅತಿಯಾಗಿ ಕೂಗುತ್ತಿದ್ದೀರಿ. ಮಾರುವವರೇ ಮತ್ತೆ ಮತ್ತೆ ತಮ್ಮ ಚಿತ್ರ ಇಟ್ಟುಕೊಂಡು ಗೆಲ್ಲುತ್ತಿದ್ದರೆ ಕೂಗು ಅರ್ಧ ಬೆಲೆಯನ್ನೂ ಮುಟ್ಟುತ್ತಿಲ್ಲ. ನಮ್ಮಲ್ಲಿ ಮೊದಲ ವರ್ಷ ಮೊದಲನೆಯದೇ ನಡೆಯುತ್ತಿತ್ತು. ಈಗ ಬೆಲೆ ಮೂರರಲ್ಲಿ ಎರಡು ಭಾಗದ ಆಸುಪಾಸಿನಲ್ಲಿ ನಿಲ್ಲುತ್ತದೆ, ಭಾವ ಹಟಕ್ಕೆ ಬಿದ್ದ ದಿನ ಬಿಟ್ಟು.