ಪೀಬೆರಿ ಪುಡಿ ನಿಲ್ಲುತ್ತಿದೆ: ಬದಲಿಗೆ ಯಾವುದು?

ಮಾಟುಂಗಾದ ನಮ್ಮ ಅಂಗಡಿಯ ಹಳೇ ಗಿರಾಕಿಗಳಿಗೆ ಮೊದಲೇ ಹೇಳಿಬಿಡುತ್ತೇವೆ: ಈ ತಿಂಗಳ ಕೊನೆಗೆ ಪೀಬೆರಿ ಪುಡಿ ನಿಲ್ಲುತ್ತದೆ. ಕಾಫಿ ಹಣ್ಣಿನಲ್ಲಿ ಎರಡರ ಬದಲು ಒಂದೇ ದುಂಡು ಬೀಜ ಬೆಳೆದರೆ ಅದು ಪೀಬೆರಿ. ಇಡೀ ಫಸಲಿನಲ್ಲಿ ಸಿಗುವುದೇ ಸ್ವಲ್ಪ. ಈಗ ಪ್ರತಿ ಸಲ ಒಂದೇ ಗುಣಮಟ್ಟದ ಬೀಜ ಸಿಗುತ್ತಿಲ್ಲ. ಬೇರೆ ಬೀಜ ಬೆರೆಸಿ ಅದೇ ಹೆಸರಲ್ಲಿ ಮಾರಲು ನಮಗೆ ಮನಸ್ಸಿಲ್ಲ.

ಬದಲಿಗೆ ಎರಡಿವೆ. ಪ್ಲಾಂಟೇಶನ್ ಎ ಪೂರ್ತಿ ಅರೇಬಿಕಾ. ಪರಿಮಳ, ಸಣ್ಣ ಹುಳಿ ಎರಡೂ ಪೀಬೆರಿಗೆ ಹತ್ತಿರ. ಚಿಕೋರಿ ಅದೇ ಶೇ. 30 ಇಟ್ಟಿದ್ದೇವೆ, ಹಾಗಾಗಿ ಫಿಲ್ಟರಿಗೆ ಹಾಕುವ ಚಮಚದ ಲೆಕ್ಕ ಬದಲಿಸಬೇಕಿಲ್ಲ. ಇನ್ನೊಂದರಲ್ಲಿ ಕಾಫಿ ಬೀಜದ ಅರ್ಧ ರೊಬಸ್ಟಾ. ಬೆಲೆ ಕಡಿಮೆ, ಡಿಕಾಕ್ಷನ್ ಗಟ್ಟಿ, ಕಹಿಯೂ ಕೆಫೀನೂ ಜಾಸ್ತಿ. ಹಾಲು ಹೆಚ್ಚಾದರೂ ಕಾಫಿ ಸಪ್ಪೆಯಾಗುವುದಿಲ್ಲ.

ಪೀಬೆರಿಗೆ ಒಗ್ಗಿದ ನಾಲಿಗೆಗೆ ನಮ್ಮ ಸಲಹೆ ಪ್ಲಾಂಟೇಶನ್ ಎ. ಮನೆಯಲ್ಲಿ ಎರಡನೇ ಡಿಕಾಕ್ಷನ್ ಇಳಿಸುವ ರೂಢಿ ಇದ್ದರೆ ಮಾತ್ರ ರೊಬಸ್ಟಾ ಮಿಶ್ರಣ ನೋಡಿ. ಮೊದಲು 100 ಗ್ರಾಂ ಒಯ್ಯಿರಿ. ಹಾಲು ಬೆರೆಸುವ ಮೊದಲು ಡಿಕಾಕ್ಷನ್ ಒಂದು ಗುಟುಕು ಕುಡಿಯಿರಿ, ವ್ಯತ್ಯಾಸ ಅಲ್ಲೇ ತಿಳಿಯುತ್ತದೆ.

ಕೊನೆಯ ಸಲ ಪೀಬೆರಿ ಬೇಕೆನ್ನುವವರು 20ನೇ ತಾರೀಖಿನೊಳಗೆ ಹೇಳಿ. ಆದರೆ ಪುಡಿಯನ್ನು ತಿಂಗಳುಗಟ್ಟಲೆ ಕೂಡಿಡಬೇಡಿ, ಘಮ ಹೋಗುತ್ತದೆ.